ಬಿಸಿಲು, ಕತ್ತಲೆ, ಸಂತೆಯ ನಡುವೆ ಅಡಿಬರಹ: ಕನ್ನಡ ಅಕ್ಷರ ಕಣ್ಣಿಗೆ ನಿಲ್ಲುವುದು ಹೇಗೆ?

ವಿಜಯಪುರ: ದನಿಯನ್ನು ಮುಚ್ಚಿಟ್ಟು ವಿಡಿಯೊ ನೋಡುವುದು ಇಂದು ಸಾಮಾನ್ಯ ರೂಢಿ. ಬಸ್ಸಿನಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕುಳಿತವರು ಸುದ್ದಿಯನ್ನು ಕೇಳುವುದಕ್ಕಿಂತ ಓದುವುದೇ ಹೆಚ್ಚು. ಕಿವಿ ಕೇಳಿಸದವರಿಗಂತೂ ಚಿತ್ರದ ಕೆಳಗೆ ಮೂಡುವ ಅಡಿಬರಹ, ಅಂದರೆ ಸಬ್‌ಟೈಟಲ್, ಇದ್ದರೆ ಮಾತ್ರ ಸುದ್ದಿ. ಇಲ್ಲವಾದರೆ ಬರಿಯ ಬೊಂಬೆಯಾಟ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 42ನೇ ಕಲಂ ವಿದ್ಯುನ್ಮಾನ ಮಾಧ್ಯಮಗಳಲ್ಲಿ ಇಂಥ ಬರಹದ ಸೌಲಭ್ಯ ದೊರೆಯುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಆದರೆ ಅಡಿಬರಹ ಇರುವುದು ಬೇರೆ, ಅದು ಓದಲು ಬರುವುದು ಬೇರೆ.

ಓದಲು ಬಾರದ ಅಡಿಬರಹದಿಂದ ಆಗುವ ಹಾನಿ ಬರಿಯ ಕಣ್ಣುನೋವಲ್ಲ. ಆಲಮಟ್ಟಿ ಜಲಾಶಯದಿಂದ 3 ಲಕ್ಷ ಕ್ಯುಸೆಕ್ ನೀರು ಬಿಡಲಾಗುವುದೆಂಬ ಸೂಚನೆಯಲ್ಲಿ 3 ಎಂಬುದು 8ರಂತೆ ಕಂಡರೆ, ‘ಧನ ಪರಿಹಾರ’ ಎಂಬುದು ‘ದನ ಪರಿಹಾರ’ ಎಂದು ಕಂಡರೆ ಸುದ್ದಿಯೇ ಬದಲಾಗುತ್ತದೆ. ಇಂತಹ ತಪ್ಪು ಬರೆದವರಿಂದ ಆದುದಲ್ಲ. ಅಕ್ಷರದ ದಪ್ಪ, ಅದನ್ನು ಇಟ್ಟ ಜಾಗ, ಹಿಂದಿರುವ ಚಿತ್ರದೊಡನೆ ಅದಕ್ಕಿರುವ ಬೆಳಕಿನ ಅಂತರ, ಈ ಮೂರರಲ್ಲಿ ಯಾವುದೋ ಒಂದು ಕೈಕೊಟ್ಟಿರುತ್ತದೆ.

ಮೂರನ್ನೂ ಒಂದೇ ಕಡೆ ಪರೀಕ್ಷಿಸಲು ನಗರದ ಸ್ಟೇಷನ್ ರಸ್ತೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ರೈಲು ನಿಲ್ದಾಣ, ಗೋಳಗುಮ್ಮಟ, ಅಂಗಡಿ ಸಾಲು, ಆಟೊ, ಟಾಂಗಾಗಳೆಲ್ಲ ಅಲ್ಲಿ ಅಕ್ಕಪಕ್ಕದಲ್ಲಿವೆ. ಅಲ್ಲಿ ಎರಡು ನಿಮಿಷದ ಒಂದು ವಿಡಿಯೊ ತೆಗೆಯಲಾಗುತ್ತದೆ ಎಂದು ಭಾವಿಸಬಹುದು. ಮೊದಲ ದೃಶ್ಯ ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿಚಿಕೊಂಡ ಆಕಾಶ ಮತ್ತು ಗುಮ್ಮಟದ್ದು. ಎರಡನೆಯದು 1656ರಲ್ಲಿ ತೀರಿಕೊಂಡ ಮಹಮದ್ ಆದಿಲ್ ಶಾಹನ ಗೋರಿಯಿರುವ ಒಳಾಂಗಣದ ಮಬ್ಬುಗತ್ತಲೆಯದು. ಮೂರನೆಯದು ಸಂಜೆ ದೀಪ ಹತ್ತಿದ ಮೇಲಿನ ರಸ್ತೆ, ಅದರ ಫಲಕಗಳು ಮತ್ತು ವಾಹನ ಸಂದಣಿಯದು. ಈ ಮೂರಕ್ಕೂ ಒಂದೇ ಶೈಲಿಯ ಅಡಿಬರಹ ಹೊಂದಬೇಕು. ದೃಶ್ಯಕ್ಕೊಂದು ಬಣ್ಣ, ದೃಶ್ಯಕ್ಕೊಂದು ಗಾತ್ರ ಬದಲಾಯಿಸಿದರೆ ಓದುವ ಕಣ್ಣು ಪ್ರತಿ ಬಾರಿಯೂ ಅಕ್ಷರವನ್ನು ಹುಡುಕಬೇಕಾಗುತ್ತದೆ.

ಬಿಸಿಲಿನಲ್ಲಿ ಕರಗುವ ಬಿಳಿ

ಬೆಳಕಿನ ಅಂತರವನ್ನು ಅಳೆಯಲು ಒಂದು ಲೆಕ್ಕವಿದೆ. ಅಂತರಜಾಲದ ಮಾನಕಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರಲ್ಲಿ ಹೊರತಂದ ಸುಗಮ್ಯತಾ ಮಾರ್ಗಸೂಚಿಯಲ್ಲಿ ಅದನ್ನು ವಿವರಿಸಲಾಗಿದೆ. ಪ್ರತಿ ಬಣ್ಣಕ್ಕೂ ಕಪ್ಪಿಗೆ 0, ಬಿಳಿಗೆ 1 ಎಂಬಂತೆ ಒಂದು ಪ್ರಕಾಶದ ಅಂಕ ಇರುತ್ತದೆ. ಎರಡೂ ಅಂಕಗಳಿಗೆ 0.05 ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಅಚ್ಚ ಕಪ್ಪಿನ ಮೇಲಿನ ಅಚ್ಚ ಬಿಳಿಗೆ ಅದು 21. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ ಕನಿಷ್ಠ 3 ಇರಬೇಕೆಂಬುದು ಆ ಮಾರ್ಗಸೂಚಿಯ ಮಟ್ಟ. ಬಣ್ಣದ ಸಂಕೇತವನ್ನು ಕೊಟ್ಟರೆ ಈ ಲೆಕ್ಕ ಮಾಡಿಕೊಡುವ ಸಾಧನಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಮಧ್ಯಾಹ್ನದ ಆಕಾಶದ ತೆಳುನೀಲಿಯನ್ನು #C8DCF0 ಎಂದು ಹಿಡಿದರೆ ಅದರ ಪ್ರಕಾಶದ ಅಂಕ ಸುಮಾರು 0.70. ಅದರ ಮೇಲೆ ಅಚ್ಚ ಬಿಳಿ ಅಕ್ಷರ ಇಟ್ಟರೆ ಅನುಪಾತ ಬರಿಯ 1.4 ಆಗುತ್ತದೆ. ಅಕ್ಷರ ಇದ್ದೂ ಇಲ್ಲದಂತೆ. ಬಿಳಿ ಕಾಣದಿದ್ದರೆ ಹಳದಿ ಹಾಕುವುದು ಹಲವರ ಪರಿಹಾರ. ಆದರೆ ಅಚ್ಚ ಹಳದಿಯ ಅಂಕ 0.93, ಬಿಳಿಗಿಂತ ಕಡಿಮೆ. ಹಾಗಾಗಿ ಅದೇ ಆಕಾಶದ ಮೇಲೆ ಹಳದಿಯ ಅನುಪಾತ 1.3ಕ್ಕೆ ಇಳಿಯುತ್ತದೆ. ಬಣ್ಣ ಬೇರೆ ಎಂದು ಕಣ್ಣಿಗೆ ತೋರಿದರೂ ಅಕ್ಷರದ ಆಕಾರವನ್ನು ಹಿಡಿದು ನಿಲ್ಲಿಸುವುದು ಬಣ್ಣವಲ್ಲ, ಬೆಳಕಿನ ಏರಿಳಿತ. ಇದಕ್ಕೆ ತಾಂತ್ರಿಕ ಕಾರಣವೂ ಉಂಟು. ಫೋನಿಗೆ ತಲಪುವ ಹೆಚ್ಚಿನ ವಿಡಿಯೊಗಳಲ್ಲಿ ಬೆಳಕಿನ ವಿವರವನ್ನು ಪೂರ್ಣವಾಗಿ ಉಳಿಸಿ, ಬಣ್ಣದ ವಿವರವನ್ನು ಉದ್ದಕ್ಕೂ ಅಡ್ಡಕ್ಕೂ ಅರ್ಧಕ್ಕೆ ಇಳಿಸಲಾಗಿರುತ್ತದೆ. ಬಣ್ಣವನ್ನೇ ನಂಬಿದ ಅಕ್ಷರದ ಅಂಚು ಹೀಗೆ ಕುಗ್ಗಿಸುವಾಗ ಮಸುಕಾಗುತ್ತದೆ.

ಆಕಾಶದ ಬದಲು ಬಿಸಿಲು ಬಿದ್ದ ಗೋಡೆಯ ಮೇಲೆ ಅಡಿಬರಹ ಬಂದರೆ ಸ್ಥಿತಿ ತುಸು ಸುಧಾರಿಸುತ್ತದೆ. ಬೂದುಗಂದು ಬಣ್ಣವನ್ನು #A89880 ಎಂದಿಟ್ಟುಕೊಂಡರೆ ಬಿಳಿ ಅಕ್ಷರದ ಅನುಪಾತ 2.8. ಆದರೂ ದೊಡ್ಡ ಅಕ್ಷರದ ಮಟ್ಟವನ್ನೂ ಅದು ಮುಟ್ಟುವುದಿಲ್ಲ. ಇನ್ನು ಕ್ಯಾಮೆರಾ ಗೋಡೆಯಿಂದ ಆಕಾಶದತ್ತ ಏರಿದರೆ ಒಂದೇ ಸಾಲು ಓದುತ್ತಿರುವಂತೆಯೇ ಅನುಪಾತ 2.8ರಿಂದ 1.4ಕ್ಕೆ ಕುಸಿಯುತ್ತದೆ. ಆದ್ದರಿಂದ ಅಡಿಬರಹವನ್ನು ತೀರ್ಮಾನಿಸಬೇಕಾದುದು ಅದು ಚೆನ್ನಾಗಿ ಕಾಣುವ ಚೌಕಟ್ಟಿನಲ್ಲಲ್ಲ, ಅತಿ ಕೆಟ್ಟದಾಗಿ ಕಾಣುವ ಚೌಕಟ್ಟಿನಲ್ಲಿ.

ನೆರಳು, ಅಂಚುಗೆರೆ, ಪಟ್ಟಿ

ಈ ಕುಸಿತವನ್ನು ತಡೆಯಲು ಬಳಕೆಯಲ್ಲಿರುವ ಉಪಾಯಗಳು ಮೂರು: ಅಕ್ಷರಕ್ಕೆ ನೆರಳು ಕೊಡುವುದು, ಸುತ್ತ ಕಪ್ಪು ಅಂಚುಗೆರೆ ಎಳೆಯುವುದು, ಹಿಂದೆ ಕಪ್ಪು ಪಟ್ಟಿ ಹಾಸುವುದು. ಇಂಗ್ಲಿಷ್ ಅಕ್ಷರಗಳಿಗೆ ಮೂರೂ ಒಂದು ಮಟ್ಟಿಗೆ ನಡೆಯುತ್ತವೆ. ಕನ್ನಡಕ್ಕೆ ಬಂದಾಗ ಲಿಪಿಯ ಸ್ವಭಾವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ನೆರಳು ವಾಡಿಕೆಯಂತೆ ಅಕ್ಷರದ ಬಲಕ್ಕೆ ಮತ್ತು ಕೆಳಕ್ಕೆ ಬೀಳುತ್ತದೆ. ಅಂದರೆ ಅಕ್ಷರದ ಮೇಲಂಚು ನೆರಳಿಲ್ಲದೆ ಬರಿದಾಗಿ ಉಳಿಯುತ್ತದೆ. ಕನ್ನಡದಲ್ಲಿ ಅರ್ಥ ಬದಲಿಸುವ ಗುಡಿಸು, ಎತ್ವಗಳು ಇರುವುದೇ ಆ ಮೇಲಂಚಿನಲ್ಲಿ. ‘ಬಿಳಿ’ ಮತ್ತು ‘ಬೆಳೆ’ ಎಂಬ ಎರಡು ಪದಗಳಿಗಿರುವ ವ್ಯತ್ಯಾಸವೆಲ್ಲ ಅಕ್ಷರದ ನೆತ್ತಿಯ ಮೇಲಿದೆ. ಬಿಳಿಚಿದ ಆಕಾಶದ ಮುಂದೆ ಆ ನೆತ್ತಿಯೇ ಕರಗಿದರೆ ಓದುಗರು ಊಹಿಸಿಕೊಳ್ಳಬೇಕಾಗುತ್ತದೆ. ಹೀಗಾಗಿ ಬರಿಯ ನೆರಳು ಕನ್ನಡಕ್ಕೆ ಸಾಲದು.

ಅಂಚುಗೆರೆ ಸುತ್ತಲೂ ಬರುವುದರಿಂದ ನೆತ್ತಿ ಉಳಿಯುತ್ತದೆ. ಆದರೆ ಅದನ್ನು ಎಳೆಯುವ ವಿಧಾನವನ್ನು ಗಮನಿಸಬೇಕು. ಕೆಲವು ಸಂಕಲನ ತಂತ್ರಾಂಶಗಳು ಗೆರೆಯನ್ನು ಅಕ್ಷರದ ಹೊರಗೆ ಎಳೆದರೆ, ಇನ್ನು ಕೆಲವು ಅಂಚಿನ ನಡುವೆ ಎಳೆಯುತ್ತವೆ. ಎರಡನೆಯ ಬಗೆಯಲ್ಲಿ ಗೆರೆಯ ಅರ್ಧ ಭಾಗ ಅಕ್ಷರದ ಮೈಯನ್ನೇ ತಿನ್ನುತ್ತದೆ. ದೊಡ್ಡ ಅಕ್ಷರ ಅದನ್ನು ತಾಳಿಕೊಂಡೀತು, ಅದರ ಕಾಲಡಿ ಇರುವ ಒತ್ತಕ್ಷರ ತಾಳದು. ‘ರಸ್ತೆ’ಯ ತ ಒತ್ತು, ‘ಸ್ಟೇಷನ್’ನ ಟ ಒತ್ತು ಮೊದಲೇ ಚಿಕ್ಕವು, ತೆಳುವಾದವು. ಅಂಚುಗೆರೆ ದಪ್ಪವಾದಷ್ಟೂ ಅವು ಕಪ್ಪು ಚುಕ್ಕೆಗಳಾಗುತ್ತ ಹೋಗುತ್ತವೆ.

ಉಳಿದುದು ಪಟ್ಟಿ. ಚಿತ್ರ ಪೂರ್ತಿ ಮುಚ್ಚಿಹೋಗುವುದೆಂಬ ಅಂಜಿಕೆಯಿಂದ ಪಟ್ಟಿಯನ್ನು ಅರೆ ಪಾರದರ್ಶಕವಾಗಿ ಇಡುವುದು ರೂಢಿ. ಎಷ್ಟು ಪಾರದರ್ಶಕ ಎಂಬುದಕ್ಕೂ ಲೆಕ್ಕ ಉತ್ತರಿಸುತ್ತದೆ. ಹಿಂದಿರುವುದು ಅಚ್ಚ ಬಿಳಿ ಎಂಬ ಅತಿ ಕೆಟ್ಟ ಸ್ಥಿತಿಯನ್ನೇ ಹಿಡಿಯಬಹುದು. ಪಟ್ಟಿಯ ಒಪಾಸಿಟಿ ಶೇ 50 ಇದ್ದರೆ ಆ ಬಿಳಿ ನಡುಬೂದಿಯಾಗುತ್ತದೆ. ಅದರ ಮೇಲೆ ಬಿಳಿ ಅಕ್ಷರದ ಅನುಪಾತ 3.9ರ ಆಸುಪಾಸು, 4.5ರ ಮಟ್ಟಕ್ಕೆ ಸಾಲದು. ಶೇ 60 ಇದ್ದರೆ 5.7. ಶೇ 75ಕ್ಕೆ ಏರಿಸಿದರೆ 10.4. ಅಂದರೆ ಶೇ 60ರ ಪಟ್ಟಿಯಿದ್ದರೆ ಹಿಂದೆ ಯಾವ ಚಿತ್ರವೇ ಬರಲಿ, ಬಿಳಿ ಅಕ್ಷರ ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಪಟ್ಟಿಗೂ ಕನ್ನಡದಲ್ಲಿ ಒಂದು ಎಚ್ಚರಿಕೆ ಬೇಕು. ಇಂಗ್ಲಿಷ್ ಅಕ್ಷರದ ಎತ್ತರವನ್ನೇ ಲೆಕ್ಕ ಹಿಡಿದು ಹೊಂದಿಸಿದ ಪಟ್ಟಿಯಲ್ಲಿ ಒತ್ತಕ್ಷರಗಳು ಕೆಳಗೆ ಹೊರಚಾಚಿ, ಅಕ್ಷರದ ಅರ್ಧ ಕಪ್ಪಿನ ಮೇಲೆ, ಇನ್ನರ್ಧ ಆಕಾಶದ ಮೇಲೆ ಬೀಳುವುದುಂಟು. ‘ರಾಷ್ಟ್ರೀಯ’, ‘ಸ್ತ್ರೀ’ಯಂತಹ ಪದಗಳನ್ನು ಇಟ್ಟು ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ. ಒತ್ತು ಅಕ್ಷರದ ಕೆಳಗೆ ಕೂಡದೆ ಬಿಡಿಬಿಡಿಯಾಗಿ ನಿಂತರೆ, ಆ ತಂತ್ರಾಂಶ ಕನ್ನಡವನ್ನು ಸರಿಯಾಗಿ ಜೋಡಿಸುತ್ತಿಲ್ಲ ಎಂದರ್ಥ. ಆಗ ದಪ್ಪ, ಬಣ್ಣಗಳ ಚರ್ಚೆಯೇ ವ್ಯರ್ಥ.

ಕತ್ತಲೆಯಲ್ಲಿ ದಪ್ಪವೇ ಶತ್ರು

ಗುಮ್ಮಟದ ಒಳಗೆ ಕಾಲಿಟ್ಟ ಕೂಡಲೇ ಸಮಸ್ಯೆ ತಿರುವುಮುರುವಾಗುತ್ತದೆ. ಒಳಗಿನ ನೆರಳಿನ ಬಣ್ಣವನ್ನು #1E1A16 ಎಂದು ಹಿಡಿದರೆ ಬಿಳಿ ಅಕ್ಷರದ ಅನುಪಾತ 17ನ್ನು ಮೀರುತ್ತದೆ. ಲೆಕ್ಕದ ದೃಷ್ಟಿಯಿಂದ ಇದು ಉತ್ತಮ ಅಂಕ. ಆದರೂ ಕತ್ತಲೆಯ ಕೋಣೆಯಲ್ಲಿ ಕುಳಿತು ನೋಡುವವರಿಗೆ ಅಕ್ಷರ ಉರಿಯುವ ಟ್ಯೂಬ್‌ಲೈಟಿನಂತೆ ಕಾಣುತ್ತದೆ. ಕಪ್ಪಿನ ಮೇಲಿನ ಬಿಳಿ ಗೆರೆ ಇರುವುದಕ್ಕಿಂತ ದಪ್ಪವಾಗಿ ತೋರುವುದು ಕಣ್ಣಿನ ಸಹಜ ಗುಣ. ಬೆಳಕು ಅಂಚಿನಿಂದ ಆಚೆ ಹರಡಿದಂತೆ ಭಾಸವಾಗುತ್ತದೆ.

ಅಕ್ಷರದ ದಪ್ಪವನ್ನು ಆರಿಸುವಾಗ ಇದು ಮುಖ್ಯ. ಒಂದೇ ಫಾಂಟಿನಲ್ಲಿ ಹಲವು ದಪ್ಪಗಳು ಸಿಗುತ್ತವೆ. ಉಚಿತವಾಗಿ ದೊರೆಯುವ ನೋಟೊ ಸಾನ್ಸ್ ಕನ್ನಡವನ್ನೇ ತೆಗೆದುಕೊಂಡರೆ 100ರಿಂದ 900ರವರೆಗೆ ಒಂಬತ್ತು ಹಂತಗಳಿವೆ. 400 ಸಾಧಾರಣ, 700 ಬೋಲ್ಡ್. ವಿಡಿಯೊ ಎಂದರೆ ಬೋಲ್ಡ್ ಎಂಬ ನಂಬಿಕೆ ಇಂಗ್ಲಿಷಿನಿಂದ ಬಂದದ್ದು. ಕನ್ನಡದ ಅಕ್ಷರಗಳು ದುಂಡಗಿದ್ದು, ಒಳಗೆ ಪುಟ್ಟ ಪುಟ್ಟ ಬಯಲುಗಳನ್ನು ಇಟ್ಟುಕೊಂಡಿವೆ. ದ ಮತ್ತು ಧ ಎರಡಕ್ಕೂ ಇರುವ ಭೇದ ಬುಡದ ಒಂದು ಸಣ್ಣ ಸೀಳುಗೆರೆ ಮಾತ್ರ. ಬ ಮತ್ತು ಭ, ಡ ಮತ್ತು ಢ ಕೂಡ ಹಾಗೆಯೇ. ಅಕ್ಷರ ದಪ್ಪವಾದಂತೆ ಸೀಳಿನ ಸುತ್ತಲ ಬಯಲು ಮುಚ್ಚುತ್ತದೆ. ಕತ್ತಲೆಯ ಮೇಲೆ ಬಿಳಿಯ ಹರಡುವಿಕೆ ಉಳಿದುದನ್ನೂ ಮುಚ್ಚುತ್ತದೆ. ‘ಧನ’ ‘ದನ’ವಾಗುವುದು ಇಲ್ಲಿಯೇ.

ಹಾಗೆಂದು ತೀರ ತೆಳು ಅಕ್ಷರವೂ ಸಲ್ಲದು. ವಿಡಿಯೊವನ್ನು ಕಡಿಮೆ ಡೇಟಾಕ್ಕೆ ಕುಗ್ಗಿಸಿದಾಗ ಒಂದೆರಡು ಚುಕ್ಕೆ ಅಗಲದ ಗೆರೆಗಳು ಮೊದಲು ಕಲಸಿಹೋಗುತ್ತವೆ. ಸಾಧಾರಣಕ್ಕೂ ಬೋಲ್ಡ್‌ಗೂ ನಡುವಿನ 500 ಅಥವಾ 600 ಕನ್ನಡ ಅಡಿಬರಹಕ್ಕೆ ಹೊಂದುವ ವ್ಯಾಪ್ತಿ. ಬಣ್ಣವನ್ನು ಅಚ್ಚ ಬಿಳಿಯ ಬದಲು #E6E6E6ನಂತಹ ಮಾಸಲು ಬಿಳಿಗೆ ಇಳಿಸಿದರೆ ಕತ್ತಲೆಯ ಉರಿ ತಗ್ಗುತ್ತದೆ. ಆದರೆ ಈ ಇಳಿಕೆಗೆ ಬಿಸಿಲಿನ ದೃಶ್ಯ ಬೆಲೆ ತೆರಬೇಕಾಗುತ್ತದೆ. ಅಚ್ಚ ಬಿಳಿ ಹಿನ್ನೆಲೆಯ ಮೇಲಿನ ಶೇ 60ರ ಪಟ್ಟಿಯಲ್ಲಿ ಮಾಸಲು ಬಿಳಿಯ ಅನುಪಾತ 4.6, ಮಟ್ಟದ ಅಂಚಿನಲ್ಲೇ ನಿಲ್ಲುತ್ತದೆ. ಶೇ 75ರ ಪಟ್ಟಿಯಲ್ಲಿ ಅದು 8.3 ಇರುವುದರಿಂದ ಆತಂಕವಿಲ್ಲ.

ಸಂತೆಯಲ್ಲಿ ಲೆಕ್ಕ ಸೋಲುವ ಜಾಗ

ಮೂರನೆಯ ದೃಶ್ಯ ಎಲ್ಲಕ್ಕಿಂತ ಕಠಿಣ. ಸಂಜೆಯ ಸ್ಟೇಷನ್ ರಸ್ತೆಯಲ್ಲಿ ಹೆಡ್‌ಲೈಟು, ಅಂಗಡಿಯ ದೀಪ, ಹೊಳೆಯುವ ಫಲಕ, ನಡುನಡುವೆ ಕತ್ತಲೆಯ ತುಂಡು ಇವೆಲ್ಲ ಒಂದೇ ಚೌಕಟ್ಟಿನಲ್ಲಿರುತ್ತವೆ. ಹಿನ್ನೆಲೆಗೆ ಒಂದು ಸರಾಸರಿ ಬಣ್ಣ ಹಿಡಿದು ಅನುಪಾತ ತೆಗೆದರೆ ತೃಪ್ತಿಕರ ಅಂಕವೇ ಬರಬಹುದು, ಅಕ್ಷರ ಮಾತ್ರ ಓದಲು ಬಾರದು. ಅನುಪಾತ ಹೇಳುವುದು ಎರಡು ಬಣ್ಣಗಳ ನಡುವಿನ ಅಂತರವನ್ನಷ್ಟೇ. ಅಕ್ಷರದ ಅಂಚಿನ ಜೊತೆ ಪೈಪೋಟಿಗಿಳಿಯುವ ಬೇರೆ ಅಂಚುಗಳು ಹಿಂದೆ ಎಷ್ಟಿವೆ ಎಂಬುದನ್ನು ಅದು ಹೇಳುವುದಿಲ್ಲ.

ಅಂಗಡಿ ಫಲಕಗಳ ಸಂಗತಿಯಂತೂ ವಿಶೇಷ. ಅಲ್ಲಿರುವುದೂ ಕನ್ನಡ ಅಕ್ಷರಗಳೇ. ಅಡಿಬರಹ ಅವುಗಳ ಮೇಲೆ ಬಂದಾಗ ಕಣ್ಣು ಎರಡೂ ಬರಹಗಳನ್ನು ಓದಲು ತೊಡಗುತ್ತದೆ. ಶೇ 60ರ ಪಟ್ಟಿ ಹಾಕಿದರೂ ಹಿಂದಿನ ಕಪ್ಪು ಫಲಕದ ಬಿಳಿ ಅಕ್ಷರಗಳು ತಮ್ಮತಮ್ಮೊಳಗೆ 3.7ರ ಅನುಪಾತದಲ್ಲಿ ಉಳಿಯುತ್ತವೆ, ಅಂದರೆ ಧಾರಾಳವಾಗಿ ಓದಬಹುದಾದ ಮಟ್ಟದಲ್ಲಿ. ಶೇ 75ಕ್ಕೆ ಅದು 2ಕ್ಕೆ ಇಳಿಯುತ್ತದೆ. ಶೇ 85ಕ್ಕೆ 1.4 ಆಗಿ, ಫಲಕದ ಅಕ್ಷರ ಬರಿಯ ಛಾಯೆಯಾಗುತ್ತದೆ. ಬಿಸಿಲಿಗೆ ಶೇ 60 ಸಾಕಾಗಿದ್ದ ಪಟ್ಟಿ ಸಂತೆಗೆ ಸಾಲದೆ ಹೋಗುವುದು ಈ ಕಾರಣಕ್ಕೆ. ಇಡೀ ವಿಡಿಯೊಗೆ ಒಂದೇ ಶೈಲಿ ಬೇಕೆಂದಾದರೆ ಆಯ್ಕೆಯನ್ನು ನಿರ್ಧರಿಸಬೇಕಾದುದು ಈ ಮೂರನೆಯ ದೃಶ್ಯವೇ.

ಪಟ್ಟಿಯ ಅಗಲವೂ ಗಮನಕ್ಕೆ ಬರಬೇಕಾದ ವಿಷಯ. ಅಕ್ಷರದ ಎರಡೂ ಬದಿಗೆ ಸುಮಾರು ಅರ್ಧ ಅಕ್ಷರದಷ್ಟು ಕಪ್ಪು ಉಳಿದರೆ ಸಾಲಿನ ಮೊದಲ ಮತ್ತು ಕೊನೆಯ ಅಕ್ಷರಗಳು ಹಿಂದಿನ ಗದ್ದಲಕ್ಕೆ ತಗಲುವುದಿಲ್ಲ.

ಎಲ್ಲಿ ಇಡಬೇಕು, ಎಷ್ಟು ದೊಡ್ಡದು?

ಅಡಿಬರಹದ ಸಹಜ ಜಾಗ ಚೌಕಟ್ಟಿನ ಕೆಳಭಾಗ. ಅಂಚಿಗೆ ತಗಲಿಸದೆ ಒಂದಿಷ್ಟು ಬಿಡುವು ಕೊಡುವುದು ಟಿ.ವಿ. ಕಾಲದಿಂದ ಬಂದ ಪದ್ಧತಿ. ಬರಹಕ್ಕೆ ನಾಲ್ಕೂ ಕಡೆ ಶೇ 5ರಷ್ಟು ಅಂಚು ಬಿಡಬೇಕೆಂಬುದು ಯುರೋಪಿಯನ್ ಪ್ರಸಾರ ಒಕ್ಕೂಟದ ಸೂಚನೆ. 1080 ಚುಕ್ಕೆ ಎತ್ತರದ ಚಿತ್ರದಲ್ಲಿ ಅದು 54 ಚುಕ್ಕೆ. ಕನ್ನಡದಲ್ಲಿ ಈ ಅಳತೆಯನ್ನು ಅಕ್ಷರದ ಬುಡದಿಂದಲ್ಲ, ಒತ್ತಕ್ಷರದ ತುದಿಯಿಂದ ಎಣಿಸಬೇಕು.

ಫೋನಿಗಾಗಿಯೇ ಮಾಡುವ ನಿಲುವು ವಿಡಿಯೊಗಳಿಗೆ ಈ ಅಂಚು ಏನೂ ಸಾಲದು. ಚಿತ್ರದ ಕೆಳಭಾಗದ ಮೇಲೆ ಆ್ಯಪ್ ತನ್ನ ಹೆಸರು, ವಿವರಗಳನ್ನು ಹಾಕುತ್ತದೆ. ಬಲಬದಿಯಲ್ಲಿ ಗುಂಡಿಗಳ ಸಾಲು ಇರುತ್ತದೆ. ಅದರ ವ್ಯಾಪ್ತಿ ಆ್ಯಪಿನಿಂದ ಆ್ಯಪಿಗೆ ಬೇರೆಯಾದುದರಿಂದ, ಪ್ರಕಟಿಸುವ ಮುನ್ನ ಖಾಸಗಿಯಾಗಿ ಏರಿಸಿ ಫೋನಿನಲ್ಲಿ ನೋಡುವುದೊಂದೇ ಖಾತ್ರಿಯ ದಾರಿ. ಮಾತನಾಡುವವರ ಹೆಸರಿನ ಪಟ್ಟಿ ಕೆಳಗೆ ಬರುವಾಗ ಅಡಿಬರಹ ಅದರ ಮೇಲಕ್ಕೆ ಸರಿಯಬೇಕು. ಆದರೆ ಒಂದು ಸಾಲು ತೆರೆಯ ಮೇಲೆ ಇರುವಾಗಲೇ ಅದನ್ನು ಜಗ್ಗಬಾರದು. ಮುಂದಿನ ಸಾಲಿನಿಂದ ಬದಲಾವಣೆ ಆಗಬೇಕು. ಬಾಯಿಯ ಮೇಲೆ ಎಂದಿಗೂ ಬರಬಾರದು. ತುಟಿಯ ಚಲನೆಯನ್ನು ನೋಡಿ ಮಾತು ತಿಳಿಯುವವರಿಗೆ ಅದು ಅಡ್ಡಿ.

ಗಾತ್ರದಲ್ಲಿ ಮೋಸಹೋಗುವುದು ಸುಲಭ. ಸಂಕಲನ ಮಾಡುವ ದೊಡ್ಡ ಪರದೆಯಲ್ಲಿ ದಢೂತಿಯಾಗಿ ಕಂಡ ಅಕ್ಷರ ಫೋನಿನಲ್ಲಿ ಎಳ್ಳುಕಾಳಾಗುತ್ತದೆ. ಅಡ್ಡ ವಿಡಿಯೊವನ್ನು ಫೋನ್ ನೆಟ್ಟಗೆ ಹಿಡಿದು ನೋಡಿದರೆ ಚಿತ್ರದ ಎತ್ತರ ಸುಮಾರು 38 ಮಿಲಿಮೀಟರ್. ಅಕ್ಷರದ ಗಾತ್ರ ಚಿತ್ರದ ಎತ್ತರದ ಶೇ 5 ಇದ್ದರೆ ಅದು 1.9 ಮಿಲಿಮೀಟರ್ ಆಗುತ್ತದೆ. 9 ಪಾಯಿಂಟ್ ಗಾತ್ರದ ಮುದ್ರಣ 3.2 ಮಿಲಿಮೀಟರ್ ಎಂಬುದನ್ನು ನೆನೆದರೆ ಇದೆಷ್ಟು ಚಿಕ್ಕದೆಂದು ತಿಳಿಯುತ್ತದೆ. ಶೇ 7ಕ್ಕೆ ಏರಿಸಿದರೆ, ಅಂದರೆ 1080ಕ್ಕೆ 76 ಚುಕ್ಕೆ ಇಟ್ಟರೆ, 2.7 ಮಿಲಿಮೀಟರ್ ಸಿಗುತ್ತದೆ. ಎರಡು ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಡಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹೀಗೆ ಇಟ್ಟಾಗ ಎರಡು ಸಾಲು ಚಿತ್ರದ ಎತ್ತರದ ಐದನೇ ಒಂದು ಭಾಗವನ್ನು ಆಕ್ರಮಿಸುವುದರಿಂದ ಮೂರನೆಯ ಸಾಲಿಗೆ ಎಡೆಯಿಲ್ಲ. ಉದ್ದವಾದ ಮಾತನ್ನು ಒಡೆದು ಎರಡು ಬಾರಿ ತೋರಿಸಬೇಕೇ ಹೊರತು ಅಕ್ಷರವನ್ನು ಚಿಕ್ಕದಾಗಿಸಬಾರದು.

ಪರೀಕ್ಷೆಯ ಕ್ರಮ

ತೀರ್ಪು ಕೊಡುವ ಮೊದಲು ವಿಡಿಯೊದಲ್ಲಿ ಅತಿ ಬೆಳಕಿನ, ಅತಿ ಕತ್ತಲೆಯ, ಅತಿ ಗದ್ದಲದ ಮೂರು ಚೌಕಟ್ಟುಗಳನ್ನು ಆರಿಸಬೇಕು. ಅವುಗಳ ಮೇಲೆ ಕಷ್ಟದ ಪದಗಳಿರುವ ಒಂದು ಸಾಲನ್ನು ಇಡಬೇಕು. ‘ಸ್ಟೇಷನ್ ರಸ್ತೆಯ ಬಳಿ ಧನ ಸಹಾಯ, ಬೆಳೆ ವಿಮೆ: ಕೊನೆಯ ದಿನ 8’ ಎಂಬಂತಹ ಸಾಲಿನಲ್ಲಿ ಒತ್ತು, ಸೀಳು, ಎತ್ವ, ಅಂಕಿ ಎಲ್ಲವೂ ಇವೆ. ಬಳಿಕ ಚಿತ್ರದ ಬಣ್ಣವನ್ನೆಲ್ಲ ತೆಗೆದು ಕಪ್ಪು ಬಿಳುಪಿನಲ್ಲಿ ನೋಡಬೇಕು. ಬಣ್ಣ ಹೋದೊಡನೆ ಅಕ್ಷರವೂ ಹೋದರೆ ಅದು ನಿಂತಿದ್ದುದು ಬಣ್ಣದ ಆಸರೆಯಲ್ಲಿ ಎಂದರ್ಥ.

ಮುಂದಿನ ಹಂತ ಅಪ್‌ಲೋಡ್ ಆಗಿ ಕುಗ್ಗಿದ ವಿಡಿಯೊವನ್ನೇ ಸಾಧಾರಣ ಫೋನಿನಲ್ಲಿ, ಕೈಯಳತೆಯ ದೂರದಲ್ಲಿ, ಬಯಲ ಬಿಸಿಲಿನಲ್ಲಿ ನೋಡುವುದು. ಪರದೆಯ ಮೇಲೆ ಬೀಳುವ ಬಿಸಿಲು ಕಪ್ಪನ್ನು ಬೂದಿಯಾಗಿಸಿ ಅನುಪಾತವನ್ನು ಇಳಿಸುತ್ತದೆ. ಲೆಕ್ಕದಲ್ಲಿ 4.6 ಬಂದದ್ದು ಬೀದಿಯಲ್ಲಿ ಅಷ್ಟು ಉಳಿಯುವುದಿಲ್ಲ. ಅಂಚಿನಲ್ಲಿ ಪಾಸಾಗುವ ಶೈಲಿಯನ್ನು ನಂಬಬಾರದೆನ್ನಲು ಇದೇ ಕಾರಣ. ಕೊನೆಗೆ, ಬರಹವನ್ನು ಮೊದಲೇ ಅರಿಯದ ಒಬ್ಬರಿಗೆ ದನಿಯಿಲ್ಲದೆ ತೋರಿಸಿ ಜೋರಾಗಿ ಓದಿಸಬೇಕು. ಬರೆದವರ ಕಣ್ಣು ಇಲ್ಲದ ಸೀಳನ್ನೂ ಕಾಣುತ್ತದೆ. ಹೊಸಬರು ತಡವರಿಸಿದ ಅಕ್ಷರವೇ ತಿದ್ದಬೇಕಾದ ಅಕ್ಷರ.

ನೋಡುಗರು ಬೇಕೆಂದಾಗ ತೆರೆದುಕೊಳ್ಳುವ ಪ್ರತ್ಯೇಕ ಅಡಿಬರಹವಾದರೆ ಗಾತ್ರ, ಬಣ್ಣ, ಪಟ್ಟಿಗಳನ್ನು ಅವರೇ ಎಷ್ಟೋ ಕಡೆ ಬದಲಿಸಿಕೊಳ್ಳಬಹುದು. ಚಿತ್ರದಲ್ಲೇ ಅಚ್ಚೊತ್ತಿದ ಅಡಿಬರಹಕ್ಕೆ ಆ ಅವಕಾಶವಿಲ್ಲ. ಅದು ಹೇಗೆ ಹೊರಟಿತೋ ಹಾಗೆಯೇ ಎಲ್ಲರ ಕೈಗೆ ತಲಪುತ್ತದೆ.

ಸ್ಟೇಷನ್ ರಸ್ತೆಯ ಮೂರು ದೃಶ್ಯಗಳನ್ನೂ ದಾಟಿ ಉಳಿಯುವ ಶೈಲಿ ಹೀಗಾಗುತ್ತದೆ: 500ರಿಂದ 600ರ ದಪ್ಪ, #E6E6E6 ಬಣ್ಣ, ಎತ್ತರದ ಶೇ 7ರ ಗಾತ್ರ, ಒಂದೂವರೆ ಪಟ್ಟು ಸಾಲಂತರ, ಒತ್ತಕ್ಷರವನ್ನೂ ಒಳಗೊಳ್ಳುವ ಶೇ 75ರಿಂದ 85ರ ಕಪ್ಪು ಪಟ್ಟಿ, ಅಂಚುಗೆರೆ ಇಲ್ಲ, ನೆರಳು ಇಲ್ಲ. ಗುಮ್ಮಟದ ಚೆಲುವಿನ ಒಂದು ತುಂಡನ್ನು ಆ ಪಟ್ಟಿ ಮುಚ್ಚುವುದು ನಿಜ. ಅದನ್ನು ತಪ್ಪಿಸಬೇಕೆಂದಿದ್ದರೆ ದೃಶ್ಯವನ್ನು ಚಿತ್ರಿಸುವಾಗಲೇ ಕೆಳಗಿನ ಕಾಲುಭಾಗವನ್ನು ಖಾಲಿ ನೆಲಕ್ಕೆ ಬಿಟ್ಟುಕೊಳ್ಳುವುದು ಲೇಸು. ಅಡಿಬರಹದ ಕೆಲಸ ಕ್ಯಾಮೆರಾ ಹಿಡಿದಾಗಲೇ ಶುರುವಾಗಿರುತ್ತದೆ.